ಪೂಲು ತೆಗೆದವನು

ಆ ಪತ್ರವನ್ನು ಶಿದ್ರಾಮ ನಾಲ್ಕು ಸಲ ಬರೆದಿದ್ದ. ಮೊದಲನೆಯದರಲ್ಲಿ 'ತಾವು' ಎಂದು ಶುರು ಮಾಡಿದವನು ಕೆಳಗೆ ಬರುವಷ್ಟರಲ್ಲಿ 'ನೀವು' ಎಂದುಬಿಟ್ಟಿದ್ದ. ಎರಡನೆಯದರಲ್ಲಿ ಕ್ಷೇಮಸಮಾಚಾರ ಕೇಳುವ ಮೊದಲೇ ಬೇಡಿಕೆ ಬಂದುಬಿಟ್ಟಿತ್ತು. ಮೂರನೆಯದರ ಮೇಲೆ ಮಸಿ ಬಿತ್ತು. ನಾಲ್ಕನೆಯದು ಸರಿಯಾಗಿದೆ ಅನ್ನಿಸಿದರೂ ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೊಮ್ಮೆ ಬಿಚ್ಚಿ ಓದಬೇಕೆಂದು ಕೈ ತುರಿಸಿತು. ತಡೆದುಕೊಂಡು, ಘೋಡಗೇರಿಯಿಂದ ಹುಕ್ಕೇರಿಗೆ ಹೋಗಿ ಟಪಾಲು ಡಬ್ಬಿಗೆ ಹಾಕಿ, ಡಬ್ಬಿಯ ಬಾಯೊಳಗೆ ಬೆರಳಿಟ್ಟು ಬಿದ್ದಿದೆಯೋ ಇಲ್ಲವೋ ಎಂದು ನೋಡಿದ.

ಪತ್ರ ಗೋಕಾಕಿನ ಮುರಿಗೆಪ್ಪನವರಿಗೆ. ಬೆಳಗಾವಿಯ ಕಾಲೇಜಿನಲ್ಲಿ ಅವನಿಗೆ ಇತಿಹಾಸ ಕಲಿಸಿದ ಪ್ರೊಫೆಸರು. ನಲವತ್ತೆರಡರ ಆಗಸ್ಟಿನ ಚಳವಳಿಯ ಗದ್ದಲದಲ್ಲಿ ಹುಡುಗರು ವರ್ಗ ಬಿಟ್ಟು ಹೊರಬಿದ್ದಾಗ, ಮುಂದೆ ನಿಂತವರು ಯಾರು ಎಂದು ಪೊಲೀಸರು ಹೆಸರು ಕೇಳಿದ್ದಕ್ಕೆ ಅವರು ಹೇಳಲಿಲ್ಲ. ಅಂದಿನಿಂದ ರಜೆಯ ಮೇಲೆ ಮನೆಯಲ್ಲಿದ್ದರು. ಆ ರಜೆಯನ್ನು ಅವರು ಕೇಳಿ ಪಡೆದದ್ದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಆ ಮನುಷ್ಯ ಹುಡುಗರಿಂದ ಬರುವ ಪತ್ರ ಮಾತ್ರ ಕನ್ನಡದಲ್ಲೇ ಇರಬೇಕು ಅನ್ನುತ್ತಿದ್ದರು. ಅದಕ್ಕೇ ಶಿದ್ರಾಮ ಕನ್ನಡದಲ್ಲಿ ಬರೆದಿದ್ದ:

"ಪೂಜ್ಯ ಗುರುಗಳಿಗೆ ಶಿದ್ರಾಮನ ಶರಣು. ಪುಣೆಯ ನಕ್ಷಾ ವರ್ಗಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ಒಂದು ವರ್ಷದ ಕಲಿಕೆ, ಪಾಸಾದವರಿಗೆ ಸರಕಾರಿ ಕೆಲಸ. ಅರ್ಜಿಯ ಜೊತೆ, ಕಲಿಸಿದ ಪ್ರೊಫೆಸರರೊಬ್ಬರ ಶಿಫಾರಸು ಪತ್ರ ಬೇಕು. ಅರ್ಜಿದಾರನ ನಡತೆ, ಕೈಕೆಲಸ ಎರಡರ ಬಗೆಗೂ ಅದರಲ್ಲಿ ಇರಬೇಕು. ಅರ್ಜಿದಾರ ಅದನ್ನು ಓದಬಾರದು. ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲೇ ಕಳಿಸಬೇಕು. ಜನೇವರಿ ಮೂವತ್ತೊಂದರೊಳಗೆ ಎಲ್ಲ ಕಾಗದ ಪುಣೆಗೆ ಮುಟ್ಟಬೇಕು. ತಮಗೆ ತೊಂದರೆಯಾಗುವುದಾದರೆ ಬೇಡ. ನೆನಪಿಗಾಗಿ ಬರೆಯುತ್ತೇನೆ: ಇಂಟರ್ ವರ್ಗದಲ್ಲಿದ್ದಾಗ ತಾವು ಹೇಳಿದಂತೆ ಘಟಪ್ರಭೆಯ ದಂಡೆಯ ಊರು, ದಾರಿಗಳನ್ನೆಲ್ಲ ತಿರುಗಿ ನೋಡಿದವನು ನಾನು. ಹಳ್ಳದ ಪೂಲು ತೆಗೆದದ್ದೂ ನಾನೇ. ಅದನ್ನು ನೋಡಿ ತಾವು ಬೆನ್ನು ತಟ್ಟಿದ್ದು ಇನ್ನೂ ನೆನಪಿದೆ."

ಪತ್ರ ಹಾಕಿದ ಮೂರನೆಯ ದಿನ ಅವನು ಅಂಗಿ ಹೊಲಿಸಲು ಗುಡುಸಾಬನ ಅಂಗಡಿಗೆ ಹೋದ. ಗುಡುಸಾಬ ಘೋಡಗೇರಿಯ ದರ್ಜಿ, ಶಿದ್ರಾಮನ ಜೊತೆ ಕನ್ನಡ ಸಾಲಿಯಲ್ಲಿ ಕೂತವನು. ಪುಣೆಗೆ ಹೋಗುವ ಅಂಗಿಯೆಂದರೆ ಕಾಲರು ಜೋರಾಗಿರಬೇಕು, ಇಲ್ಲದಿದ್ದರೆ ಅಲ್ಲಿಯವರು ನಿನ್ನನ್ನು ಗೇಟಿನ ಹೊರಗೇ ಕೂಡ್ರಿಸುತ್ತಾರೆ ಎಂದು ಅವನು ಚಾಷ್ಟಿ ಮಾಡಿದ. ಪ್ರೊಫೆಸರರಿಗೆ ಏನು ಬರೆದೆ, ಓದು ಅಂದ. ಶಿದ್ರಾಮನ ಕಿಸೆಯಲ್ಲಿ ಮಸಿ ಬಿದ್ದ ಮೂರನೆಯ ಪ್ರತಿ ಇತ್ತು. ಓದಿದ.

ಗುಡುಸಾಬ ಮಶೀನು ತುಳಿಯುತ್ತಲೇ ಕೇಳುತ್ತಿದ್ದ. ಪೂಲಿನ ಮಾತು ಬಂದಾಗ ನಕ್ಕ.

"ಅಲ್ಲಪಾ, ಪೂಲ ತೆಗೆದಾಂವ ನೀನ ಏನು? ಪೊಲೀಸರು ದೀಪಾವಳಿಯಿಂದ ಊರೂರು ಅಡ್ಡಾಡಿ ಹುಡುಕಾಕತ್ತಾರ, ನೀ ನೋಡಿದರ ನನ್ನ ಮುಂದ ಕುಂತೀ."

ನಗು ಮುಗಿಯುವ ಮೊದಲೇ ಅವನ ಕಾಲು ತುಳಿಯುವುದನ್ನು ನಿಲ್ಲಿಸಿತು. ಸೂಜಿ ಅರಿವೆಯೊಳಗೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಈ ಭಾಗದಲ್ಲಿ ಚಿತ್ರ ಬರೆಯುವುದಿಲ್ಲ, ತೆಗೆಯುತ್ತಾರೆ. ನಕ್ಷೆ ತೆಗೆಯುತ್ತಾರೆ, ರಂಗೋಲಿ ತೆಗೆಯುತ್ತಾರೆ, ಹುಡುಗರು ಪಾಟಿಯ ಮೇಲೆ ಮಂಗ್ಯಾನನ್ನು ತೆಗೆಯುತ್ತಾರೆ. ಶಿದ್ರಾಮ ಸಣ್ಣವನಿದ್ದಾಗಿನಿಂದ ತೆಗೆದದ್ದೇ ತೆಗೆದದ್ದು. ಆ ಮಾತಿಗೆ ಕಿತ್ತುಹಾಕುವುದು ಎಂಬ ಇನ್ನೊಂದು ಅರ್ಥವಿದೆಯೆಂಬುದೇ ಅವನ ಕಿವಿಗೆ ಬಿದ್ದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಯಾರೋ ಹಳ್ಳದ ಪೂಲು, ಆ ಕಲ್ಲಿನ ಸೇತುವೆಯನ್ನೇ, ಕೆಡವಿದ್ದರು. ಗೋಕಾಕಿಗೆ ಹೋಗುವ ದಾರಿ ಕಡಿದುಹೋಗಿತ್ತು. ಸರಕಾರಕ್ಕೆ ಹೆಸರು ಬೇಕಾಗಿತ್ತು. 'ತಾವು', 'ನೀವು' ಎಂದು ನಾಲ್ಕು ರಾತ್ರಿ ತಲೆ ಕೆಡಿಸಿಕೊಂಡವನು ತನ್ನ ಹೆಸರು, ಊರು, ರುಜು ಎಲ್ಲ ಹಾಕಿ, ಹಳ್ಳದ ಪೂಲು ತೆಗೆದದ್ದು ನಾನೇ, ಗುರುಗಳು ಬೆನ್ನು ತಟ್ಟಿದರು ಎಂದು ಬರೆದು ಡಬ್ಬಿಗೆ ಹಾಕಿದ್ದ.

"ಚಿತ್ರ ಅಂತ ಒಂದು ಅಕ್ಷರ ಹಾಕಬೇಕಾಗಿತ್ತು ನೋಡು," ಅಂದ ಗುಡುಸಾಬ, ಮೆಲ್ಲಗೆ. ಆಮೇಲೆ ಕೇಳಬಾರದ್ದನ್ನು ಕೇಳಿದ: "ಮಾಸ್ತರಗ ಬರೋ ಟಪಾಲು ಒಡದು ನೋಡತಾರಂತಲ್ಲೋ, ಖರೆ ಏನು?"

ಖರೆ ಎಂದು ಶಿದ್ರಾಮನೂ ಕೇಳಿದ್ದ. ಹುಕ್ಕೇರಿಗೆ ಓಡಿ ವಿಚಾರಿಸಿದ. ಟಪಾಲಿನ ಚೀಲ ಪತ್ರ ಹಾಕಿದ ದಿನವೇ ಹೋಗಿತ್ತು. ಲಕೋಟೆ ಡಬ್ಬಿಗೆ ಬಿತ್ತೆಂದರೆ ಅದು ಕಳಿಸಿದವನದ್ದಲ್ಲ, ಮರಳಿ ಕೊಡು ಎಂದರೆ ಯಾರು ಕೊಡುತ್ತಾರೆ ಎಂದು ಟಪಾಲಿನವನು ನಕ್ಕು, ಅಷ್ಟು ಗಾಬರಿ ಯಾಕೆ ಎಂದು ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಆ ನೋಟ ಅವನ ಬೆನ್ನ ಹಿಂದೆ ಮನೆಯವರೆಗೂ ಬಂತು.

ಮನೆಯಲ್ಲಿ ತಾಯಿ ಲಕ್ಕವ್ವನಿಗೆ ಅವನು ಹೇಳಿದ್ದು ಇಷ್ಟೇ: ಶಿಫಾರಸು ಪತ್ರ ನಾನೇ ಹೋಗಿ ತರುತ್ತೇನೆ, ಟಪಾಲಿನ ಭರವಸೆ ಇಲ್ಲ. ಅವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮಾಸ್ತರಿಗೂ ಕೊಡು, ಕೊಟ್ಟ ಮೇಲೇ ಪತ್ರ ಕೇಳು ಅಂದಳು. ಅವನು ತುಂಬಿದ ಅರ್ಜಿಯ ಜೊತೆ ಗಂಟನ್ನೂ ತೆಗೆದುಕೊಂಡ.

ಯುದ್ಧದ ಕಾಲಕ್ಕೆ ಪೆಟ್ರೋಲು ಇಲ್ಲದೆ ಸರ್ವೀಸು ಮೋಟಾರುಗಳು ಇದ್ದಲಿ ಉರಿಸಿ ಓಡುತ್ತಿದ್ದವು. ಮೋಟಾರು ಹೊಗೆ ಕಾರುತ್ತ ಹಳ್ಳದವರೆಗೆ ಬಂದು ನಿಂತಿತು. ಅಲ್ಲಿಂದ ಆಚೆ ದಂಡೆಗೆ ನಡೆದು ಹೋಗಿ ಇನ್ನೊಂದು ಮೋಟಾರು ಹಿಡಿಯಬೇಕು. ಹಳ್ಳದಲ್ಲಿ ಮೊಳಕಾಲುದ್ದದ ನೀರು. ಮೇಲೆ ಇಬ್ಬರು ಪೊಲೀಸರು ಕೊಡೆ ಹಿಡಿದು ಕೂತಿದ್ದರು. ಜನ ಧೋತರ ಎತ್ತಿಕೊಂಡು, ಆ ಕಡೆ ಕಣ್ಣೆತ್ತದೆ ದಾಟುತ್ತಿದ್ದರು. ಶಿದ್ರಾಮ ಕಣ್ಣೆತ್ತಿದ.

ಎರಡು ಕಂಬ ಈ ಕಡೆ, ಎರಡು ಕಂಬ ಆ ಕಡೆ ನಿಂತಿದ್ದವು. ನಡುವಿನದು, ಮೂರನೆಯದು, ಬುಡಸಹಿತ ಹೋಗಿತ್ತು. ಅದರ ಮೇಲಿನ ಕಮಾನು ಎರಡೂ ಬದಿಗೆ ಬಾಯಿ ತೆರೆದುಕೊಂಡಿತ್ತು.

ನೀರಿನ ನಡುವೆ ಅವನು ನಿಂತ. ಒಂದೂವರೆ ವರ್ಷದ ಹಿಂದೆ ಅವನು ಇದೇ ನೀರಿನಲ್ಲಿ ನಿಂತು ಪೂಲನ್ನು ಕಾಗದಕ್ಕೆ ಇಳಿಸಿದ್ದ. ಮೂರನೆಯ ಕಂಬದ ಬುಡವನ್ನು ಹಿಂದಿನ ಮಹಾಪೂರ ಕೊರೆದುಹಾಕಿತ್ತು. ಒಳಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತಿತ್ತು. ಇದರ ಮೇಲೆ ಬೇಸಾಯದ ಬಂಡಿಗಳು ದಾಟುತ್ತವೆ, ಯಾರಾದರೂ ದುರಸ್ತಿ ಮಾಡಲಿ ಎಂದು ನಕ್ಷೆಯಲ್ಲಿ ಆ ಬುಡಕ್ಕೆ ಕೆಂಪು ಮಸಿಯಿಂದ ಒಂದು ಕತ್ತರಿ ಗುರುತು ಹಾಕಿದ್ದ. ಮುರಿಗೆಪ್ಪನವರು ಅದಕ್ಕೇ ಬೆನ್ನು ತಟ್ಟಿದ್ದು. ಕಣ್ಣಿದ್ದವರೆಲ್ಲ ನೋಡುವುದಿಲ್ಲ, ನೀನು ನೋಡಿದೆ ಅಂದಿದ್ದರು. ನಕ್ಷೆಯನ್ನು ವರ್ಗದ ಗೋಡೆಗೆ ಹಾಕಿಸಿದ್ದರು. ಅದು ಅಲ್ಲಿ ಇಡೀ ವರ್ಷ ಇತ್ತು.

ಪತ್ರದಲ್ಲಿ ಆ ಗುರುತಿನ ಮಾತು ಬರೆದಿಲ್ಲ, ಸದ್ಯ ಅಷ್ಟಾದರೂ ಉಳಿಯಿತು ಎಂದುಕೊಂಡು ಅವನು ದಂಡೆ ಹತ್ತಿದ. ಕೊಡೆಯ ಕೆಳಗಿನ ಪೊಲೀಸನೊಬ್ಬ, ಏನ್ ಅಷ್ಟ್ ನೋಡಾಕತ್ತೀಯೋ, ಸಂಬಂಧಿಕರೇನಾದರೂ ಬಿದ್ದಾರೇನು ಎಂದು ಕೂಗಿ ಕೇಳಿದ. ಇನ್ನೊಬ್ಬ ನಕ್ಕ. ಶಿದ್ರಾಮನೂ ನಗಲು ನೋಡಿದ.

ಮುರಿಗೆಪ್ಪನವರ ಮನೆಯ ಎದುರಿಗೆ ಚಹಾದ ಅಂಗಡಿ. ಅಲ್ಲಿ ಒಬ್ಬ ಮನುಷ್ಯ ಖಾಲಿ ಬಶಿ ಮುಂದಿಟ್ಟುಕೊಂಡು ಕೂತಿದ್ದ. ಬಾಗಿಲು ತೆರೆದ ಪ್ರೊಫೆಸರರ ಹೆಂಡತಿ ಸಾವಿತ್ರವ್ವನವರು ಅವನ ಕಡೆ ನೋಡದೆಯೇ, ಅಂವ ಮುಂಜಾನಿಂದ ಸಂಜೀ ತನಕ ಅಲ್ಲೇ ಇರತಾನ, ನಮ್ಮ ಮನಿಗೆ ಬಂದ ಬೀಗರಕಿಂತಾ ಹೆಚ್ಚಿಗೆ ನಮ್ಮನ್ನ ನೋಡ್ಯಾನ ಅಂದರು. ಚಟ್ನಿಯ ಗಂಟು ಇಸಿದುಕೊಂಡು, ಅವ್ವ ಹೆಂಗದಾಳು ಎಂದು ಕೇಳಿದರು. ಆರಾಮ ಅದಾಳ ಎಂದು ಶಿದ್ರಾಮ ಒಳಗೆ ಬಂದ.

ಪ್ರೊಫೆಸರು ಪಡಸಾಲೆಯಲ್ಲಿ ಡೆಸ್ಕಿನ ಮುಂದೆ ಕೂತಿದ್ದರು. ನಾಲ್ಕೈದು ತಿಂಗಳಲ್ಲಿ ಬಹಳ ಇಳಿದಿದ್ದರು. ಶಿದ್ರಾಮ ಪಾದ ಮುಟ್ಟಿ ನಮಸ್ಕಾರ ಮಾಡುವ ಮೊದಲೇ ಅವರು ಡೆಸ್ಕಿನಿಂದ ಅವನ ಲಕೋಟೆ ತೆಗೆದು ಬೆಳಕಿಗೆ ಹಿಡಿದರು. ಅಂಚಿಗೆ ಹೊಸ ಅಂಟು ಹೊಳೆಯುತ್ತಿತ್ತು.

"ನೀ ಇಷ್ಟ ಹೊಲಸ ಅಂಟಸಾಂವಲ್ಲ," ಅಂದರು. "ನನಗಿಂತಾ ಮೊದಲ ಯಾರೋ ಓದ್ಯಾರ."

ತಾನು ಬಂದ ಕಾರಣವನ್ನು ಶಿದ್ರಾಮ ಹೇಳಿದ. ಹೇಳುತ್ತ ಹೇಳುತ್ತ ತಪ್ಪಾಯಿತು, ತಪ್ಪಾಯಿತು ಎಂಬುದನ್ನೇ ತಿರುತಿರುಗಿ ಅಂದ. ಪ್ರೊಫೆಸರು ಕೈಯೆತ್ತಿ ತಡೆದರು. ಆ ಮಾತನ್ನು ತಾವೂ ಓದಿದ ಕೂಡಲೇ ಗುರುತಿಸಲಿಲ್ಲವೆಂದೂ, ಹಿಂದಿನ ರಾತ್ರಿ ಊಟಕ್ಕೆ ಕೂತಾಗ ತಟ್ಟನೆ ಹೊಳೆದು ಕೈ ತುತ್ತಿನಲ್ಲೇ ನಿಂತಿತೆಂದೂ ಹೇಳಿದರು. ಪೂಲು ತೆಗೆದುಕೊಂಡು ಬಾ ಎಂದು ವರ್ಗದಲ್ಲಿ ಹೇಳಿದವರು ತಾವೇ. ಅಲ್ಲಿದ್ದ ಹುಡುಗರಲ್ಲಿ ಯಾರೂ ನಕ್ಕಿರಲಿಲ್ಲ.

ನಂತರ ಅವರು ಡೆಸ್ಕಿನ ಒಳಗಿಂದ ಇನ್ನೊಂದು ಲಕೋಟೆ ತೆಗೆದರು. ದಪ್ಪ ಕಾಗದ, ಹಿಂದೆ ಕೆಂಪು ಅರಗು, ಅರಗಿನ ಮೇಲೆ ಅವರ ಉಂಗುರದ ಗುರುತು. ಪತ್ರ ಬಂದ ಮರುದಿನವೇ ಶಿಫಾರಸು ಬರೆದು ಮುಗಿಸಿದ್ದೆ. ಆಳು ಹೇಗೆ, ಕೆಲಸ ಹೇಗೆ ಎಂದು ಬರಿಯ ಹೊಗಳಿಕೆ ಹಾಕಿದರೆ ಪುಣೆಯವರು ಬದಿಗೆ ಇಡುತ್ತಾರೆ, ಅದಕ್ಕೆ ನೀನು ಮಾಡಿದ ಕೆಲಸವನ್ನೇ ಹೇಳಿದ್ದೇನೆ ಅಂದರು. ನನ್ನ ಹೆಸರು ಈಗ ಎಷ್ಟು ನಡೆಯುತ್ತದೋ ಗೊತ್ತಿಲ್ಲ, ಆದರೂ ಕಾಲೇಜಿನ ಪಟ್ಟಿಯಿಂದ ಇನ್ನೂ ತೆಗೆದಿಲ್ಲ, ಎಂದು ಸಣ್ಣಗೆ ನಕ್ಕರು. ತೆಗೆದಿಲ್ಲ ಎಂಬ ಮಾತಿಗೆ ತಾವೇ ತಡೆದು, ಲಕೋಟೆಯನ್ನು ಅವನ ಕೈಗಿಟ್ಟರು.

ಮೂರನೆಯ ಕಂಬದ ಸಂಗತಿ ಶಿದ್ರಾಮನ ನಾಲಿಗೆಯ ತುದಿಗೆ ಬಂದಿತ್ತು. ಪೂಲು ಬಿದ್ದದ್ದು ಗುರುಗಳಿಗೆ ಗೊತ್ತು; ಯಾವ ಕಂಬ ಹೋಗಿದೆ ಎಂದು ಮನೆ ಬಿಟ್ಟು ಹೊರಬೀಳದವರಿಗೆ ಗೊತ್ತಿರಲಾರದು. ಹೇಳಿದರೆ, ವರ್ಗದಲ್ಲಿ ನಕ್ಷೆ ನೋಡಿದವರ ಮೇಲೆ ನನಗೆ ಸಂಶಯ ಎಂದಂತಾಗುತ್ತದೆ. ಹುಡುಗರ ಹೆಸರು ಬಾಯಿಬಿಡದೆ ಮನೆಯಲ್ಲಿ ಕೂತ ಮನುಷ್ಯನ ಮುಂದೆ ಅದನ್ನು ಹೇಗೆ ಅನ್ನುವುದು? ಅವನು ನುಂಗಿಕೊಂಡ. ಲಕೋಟೆ ಹೇಗೂ ಮುಚ್ಚಿತ್ತು. ಒಳಗೆ ಏನಿದೆ ಎಂದು ಕೇಳುವುದು ಅವನ ಹಕ್ಕಲ್ಲ.

"ಇಲ್ಲಿಂದ ನೆಟ್ಟಗ ಟಪಾಲ ಕಚೇರಿಗೆ ಹೋಗು," ಅಂದರು ಪ್ರೊಫೆಸರು. "ಅರ್ಜಿ ಜೋಡಿ ರಜಿಸ್ಟರ ಮಾಡು, ಪಾವತಿ ಇಟಗೋ. ಆಮ್ಯಾಲ ಊರಿಗೆ ಹೋಗು. ನನ್ನ ಸಲುವಾಗಿ ಯಾರ ಮುಂದೂ ಏನೂ ಬಿಡಿಸಿ ಹೇಳಾಕ ಹೋಗಬ್ಯಾಡ. ಪರೀಕ್ಷಾದಾಗ ಏನ ಹೇಳತಿದ್ದೆ?"

"ಕೇಳಲಾರದ ಪ್ರಶ್ನಿಗೆ ಉತ್ತರ ಬರೀಬಾರದು, ಸರ್."

"ಅಷ್ಟ ನೆನಪಿಡು."

ಸಾವಿತ್ರವ್ವ ಅವನ ಕೈಗೆ ಬೆಲ್ಲ, ನೀರು ಕೊಟ್ಟರು. ಅವನು ಅಂಗಳ ದಾಟುವಾಗ ಚಹಾದ ಅಂಗಡಿಯ ಮನುಷ್ಯ ಅಲ್ಲಿರಲಿಲ್ಲ. ಖಾಲಿ ಬಶಿ ಮಾತ್ರ ಇತ್ತು. ಅವನಿದ್ದಾಗ ಆಗದ ಅಂಜಿಕೆ ಶಿದ್ರಾಮನಿಗೆ ಆಗ ಆಯಿತು.

ಟಪಾಲು ಕಚೇರಿಯಲ್ಲಿ ಸಾಲು ಇತ್ತು. ಅರ್ಜಿಯನ್ನೂ ಮುದ್ರೆಯ ಲಕೋಟೆಯನ್ನೂ ಒಂದೇ ದೊಡ್ಡ ಪಾಕೀಟಿಗೆ ಹಾಕಿ ಅವನು ನಿಂತ. ಮುಂದೆ ಇಬ್ಬರಿದ್ದಾಗ ಬೀದಿಯಲ್ಲಿ ಜನ ಒಮ್ಮೆಲೆ ಮೌನವಾದರು. ಕಿಟಕಿಯಿಂದ ನೋಡಿದರೆ ಇಬ್ಬರು ಪೊಲೀಸರ ನಡುವೆ ಮುರಿಗೆಪ್ಪನವರು ನಡೆದು ಹೋಗುತ್ತಿದ್ದರು. ರುಮಾಲು ಸರಿಯಾಗಿ ಸುತ್ತಿಕೊಳ್ಳಲೂ ಬಿಟ್ಟಿರಲಿಲ್ಲ. ಒಂದು ಅಂಚು ಭುಜದ ಮೇಲೆ ಇಳಿಬಿದ್ದಿತ್ತು. ಸರಕಾರಿ ಬಂಗಲೆಗೆ ಒಯ್ಯುತ್ತಿದ್ದಾರೆ, ಪೂಲಿನ ತಪಾಸಣೆಗೆ ಹೊರಗಿಂದ ಬಂದ ಫೌಜದಾರ ಅಲ್ಲೇ ಇಳಿದಿದ್ದಾನೆ ಎಂದು ಸಾಲಿನಲ್ಲಿದ್ದ ಯಾರೋ ಪಿಸುಗುಟ್ಟಿದರು.

ಒಳಗಿನ ಗುಮಾಸ್ತ ಕೈ ಚಾಚಿದ. ಬಾ ಅಂದ. ಶಿದ್ರಾಮನ ಕೈಯಲ್ಲಿ ಪುಣೆ ಇತ್ತು. ಅದನ್ನು ಆ ಕಿಂಡಿಯೊಳಗೆ ಸರಿಸಿದರೆ ಸಾಕಿತ್ತು.

ಆದರೆ ಅವನಿಗೆ ಒಂದೇ ಕಾಣುತ್ತಿತ್ತು: ಒಂದು ಮಾತು. ಅದನ್ನು ಬರೆದವನು ತಾನು, ಅದರ ಅರ್ಥ ಹೇಳಬಲ್ಲವನು ತಾನು. ಹೊರಗಿಂದ ಬಂದ ಫೌಜದಾರನಿಗೆ ನಮ್ಮ ಕಡೆಯ ಮಾತು ಗೊತ್ತಿಲ್ಲ, ತಪ್ಪು ತಿಳಿದಿದ್ದಾನೆ. ತಿಳಿಸಿ ಹೇಳಿದರೆ ಮುಗಿಯಿತು. ಗುರುಗಳೇ ಬರೆದ ಪುರಾವೆ ಈ ಲಕೋಟೆಯಲ್ಲಿದೆ. ನಕ್ಷೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಇದ್ದೇ ಇರುತ್ತದೆ. ಅವನು ಸಾಲು ಬಿಟ್ಟು ಹೊರಬಿದ್ದ.

ಬಂಗಲೆಯ ಪಡಸಾಲೆಯಲ್ಲಿ ಫೌಜದಾರ ಅವನನ್ನು ಕೂಡ್ರಿಸಿ ಮಾತಾಡಿಸಿದ. ನಾಶಿಕದ ಕಡೆಯವನು, ನಡುವಯಸ್ಸು, ಸಮಾಧಾನಿ. ಕನ್ನಡ ತಡೆದು ತಡೆದು ಆಡಿದರೂ ಕೇಳಿದ್ದು ಅವನಿಗೆ ಪೂರ್ತಿ ತಿಳಿಯುತ್ತಿತ್ತು. ಮುರಿಗೆಪ್ಪನವರು ಒಳಗಿನ ಕೋಣೆಯಲ್ಲಿದ್ದರು, ಬಾಗಿಲು ಹಾಕಿತ್ತು. ಶಿದ್ರಾಮ ತೊದಲುತ್ತ, ತೆಗೆಯುವುದು ಎಂದರೆ ನಮ್ಮಲ್ಲಿ ಚಿತ್ರ ಬರೆಯುವುದು, ಬೇಕಾದರೆ ಯಾವ ಸಾಲಿ ಹುಡುಗನನ್ನಾದರೂ ಕೇಳಿರಿ ಎಂದು ವಿವರಿಸಿದ. ಫೌಜದಾರ ತಲೆಯಾಡಿಸುತ್ತ ಎಲ್ಲ ಕೇಳಿದ.

"ನಮ್ಮ ಮರಾಠೀದಾಗೂ ಹಾಂಗೇ ಐತಿ," ಅಂದ. "ಚಿತ್ರ ಕಾಢತಾರ, ಹಲ್ಲು ಕಾಢತಾರ. ಒಂದೇ ಶಬ್ದ. ನನಗ ಎರಡೂ ಗೊತ್ತೈತಿ, ತಮ್ಮಾ. ಅದಕ್ಕೇ ನಾ ಕೇಳೋದು, ಮೊದಲು ಯಾವುದು, ಆಮ್ಯಾಲ ಯಾವುದು?"

ಶಿದ್ರಾಮ ಪಾಕೀಟು ಬಿಚ್ಚಿ ಮುದ್ರೆಯ ಲಕೋಟೆಯನ್ನು ಮೇಜಿನ ಮೇಲಿಟ್ಟ. ಇದರಲ್ಲಿದೆ ರೀ, ಸಾಹೇಬರ, ನಕ್ಷಾ ಅಂತ ಬರೆದಿದ್ದಾರೆ ಅಂದ. ಮುದ್ರೆ ಒಡೆದರೆ ಪುಣೆಗೆ ಇದು ನಡೆಯುವುದಿಲ್ಲ, ನಾನೇ ಒಡೆಯಲೇ ಎಂದು ಫೌಜದಾರ ಮರ್ಯಾದೆಯಿಂದ ಕೇಳಿದ. ಶಿದ್ರಾಮ ಹೂಂ ಅಂದ. ಅರಗು ಮೇಜಿನ ಮೇಲೆ ಚೂರಾಗಿ ಬಿತ್ತು.

ಫೌಜದಾರ ಇಂಗ್ಲಿಷನ್ನು ಮನಸ್ಸಿನಲ್ಲೇ ಓದಿದ. ಒಂದು ಕಡೆ ನಿಂತು, ಹಿಂದೆ ಹೋಗಿ ಮತ್ತೆ ಓದಿದ. ಆಮೇಲೆ ಕನ್ನಡದಲ್ಲಿ, ಶಿದ್ರಾಮನಿಗೆ ಉಡುಗೊರೆ ಕೊಡುವವನ ಹಾಗೆ ಹೇಳಿದ:

"ಎಷ್ಟು ಚಲೋ ಬರದಾರ ನೋಡು. ನಡತಿ ಶುದ್ಧ, ಕೈ ಸ್ಥಿರ. 'ಇವನ ಕಣ್ಣಿಗೆ ಒಂದು ಉದಾಹರಣೆ: ಹಳ್ಳದ ಪೂಲಿನ ಮೂರನೆಯ ಕಂಬದ ಬುಡ ಟೊಳ್ಳಾಗಿದ್ದನ್ನು ಬೇರೆ ಯಾರೂ ಕಂಡಿರಲಿಲ್ಲ. ಇವನೊಬ್ಬನೇ ಕಂಡು ನಕ್ಷೆಯಲ್ಲಿ ಗುರುತು ಮಾಡಿದ.'"

ಪಡಸಾಲೆಯ ತೊಲೆಯಲ್ಲಿ ಗುಬ್ಬಿಯೊಂದು ರೆಕ್ಕೆ ಬಡಿಯಿತು. ನಕ್ಷೆ ಗೋಡೆಯ ಮೇಲಿತ್ತು, ಎಲ್ಲರೂ ನೋಡಿದ್ದಾರೆ ಎಂದು ಶಿದ್ರಾಮ ಹೇಳಿದ. ಅದು ತಪ್ಪಿಸಿಕೊಳ್ಳುವ ದಾರಿಯೆಂದುಕೊಂಡು ಹೇಳಿದ. ಬಾಯಿಂದ ಹೊರಬಿದ್ದ ಮೇಲೆ ಅದೇನೆಂದು ತಿಳಿಯಿತು. ಫೌಜದಾರ ಆಗಲೇ ಬಿಳಿಯ ಹಾಳೆ, ಪೆನ್ಸಿಲು ಅವನ ಮುಂದೆ ಸರಿಸುತ್ತಿದ್ದ.

"ಎಲ್ಲಾರು ಅಂದರ ಯಾರ್ಯಾರು, ಅದನ್ನ ಆಮ್ಯಾಲ ಬರಿಯೂಣ. ಮೊದಲು ತೆಗಿ. ತೆಗೀತೀನಿ ಅಂದೆಲ್ಲಾ, ಪೂಲು ತೆಗಿ ನೋಡೋಣು."

ಶಿದ್ರಾಮ ಪೆನ್ಸಿಲು ಹಿಡಿದ. ದಂಡೆ ಬಂತು, ನೀರಿನ ಗೆರೆ ಬಂತು, ಒಂದೊಂದಾಗಿ ಕಂಬ, ಕಂಬದಿಂದ ಕಂಬಕ್ಕೆ ಕಮಾನು. ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಮೂರನೆಯ ಕಂಬದ ಬುಡಕ್ಕೆ ಬಂದಾಗ ಪೆನ್ಸಿಲು ನಿಂತಿತು.

ಗುರುತು ಹಾಕದೆ ಬಿಟ್ಟರೆ ಒಳಗಿನ ಕೋಣೆಯಲ್ಲಿರುವವರು ಸುಳ್ಳು ಶಿಫಾರಸು ಬರೆದಂತಾಗುತ್ತದೆ. ಅವರು ಬರೆದದ್ದು ಖರೆ ಮಾತು. ಹಾಕಿದರೆ, ಎಲ್ಲಿ ಕೆಡವಬೇಕೆಂದು ತೋರಿಸಿದವನು ತಾನೇ ಎಂದಾಗುತ್ತದೆ. ಫೌಜದಾರ ಅವಸರ ಮಾಡಲಿಲ್ಲ. ಮುಚ್ಚಿದ ಬಾಗಿಲ ಹಿಂದಿನಿಂದ ಮುರಿಗೆಪ್ಪನವರು ಒಮ್ಮೆ ಕೆಮ್ಮಿದ್ದು ಕೇಳಿಸಿತು, ವರ್ಗದಲ್ಲಿ ಉತ್ತರಕ್ಕೆ ಕಾಯುವಾಗ ಕೆಮ್ಮುತ್ತಿದ್ದ ಹಾಗೆ.

ಶಿದ್ರಾಮ ಕತ್ತರಿ ಗುರುತು ಹಾಕಿದ. ಸಣ್ಣದು, ಅಚ್ಚುಕಟ್ಟಾದದ್ದು.

ಫೌಜದಾರ ಹಾಳೆಯನ್ನು ಎತ್ತಿ ನೋಡಿ, ಶಿಫಾರಸು ಪತ್ರದ ಜೊತೆ ಮಡಚಿದ. ಘೋಡಗೇರಿಯಿಂದ ಬಂದ ಪತ್ರದ ನಕಲು ಅವನ ಕಡತದಲ್ಲಿತ್ತು, ಅದನ್ನೂ ಸೇರಿಸಿದ. ಅರ್ಜಿಯ ಮೇಲಿನ ತಾರೀಖನ್ನು ಬೆರಳಿಂದ ತೋರಿಸಿ ಕೇಳಿದ, ಮೂವತ್ತೊಂದರೊಳಗ ಪುಣೆಗೆ ಮುಟ್ಟಬೇಕಲ್ಲೇನು?

ಶಿದ್ರಾಮ ತಲೆಯಾಡಿಸಿದ.

"ಕಾಳಜಿ ಮಾಡಬ್ಯಾಡ. ಪುಣೆಗೆ ನಾವೇ ಕಳಸತೇವು," ಅಂದ ಫೌಜದಾರ, ಮತ್ತು ಹೆಸರುಗಳಿಗೆಂದು ಹೊಸ ಹಾಳೆಯೊಂದನ್ನು ಅವನ ಮುಂದೆ ಸರಿಸಿದ.